ಧನ್ಯವಾದದ ಪತ್ರದಲ್ಲಿ ಒಂದು ‘ಆದರೂ’

ಇಗರ್ಜಿಯ ಹಬ್ಬ ಮುಗಿದ ಮೇಲೆ ನೆರವಾದವರಿಗೆ ಧನ್ಯವಾದದ ಪತ್ರ ಬರೆಯುವ ಕೆಲಸ ನಮ್ಮ ಕಾಸರಗೋಡಿನ ಕಡೆ ಹೆಚ್ಚಾಗಿ ಯುವಜನರ ಪಾಲಿಗೇ ಬರುತ್ತದೆ. ಈ ಸಲ ಬರೆದವನು ನನ್ನ ಚಿಕ್ಕಪ್ಪನ ಮಗ. “ಅಕ್ಕಾ, ಕಾಗುಣಿತ ಸರಿ ಇದೆಯಾ ನೋಡು” ಎಂದು ಕರಡನ್ನು ಕೊಟ್ಟ. ಕಾಗುಣಿತ ಸರಿಯಾಗಿಯೇ ಇತ್ತು. ನನ್ನ ಕಣ್ಣು ನಿಂತದ್ದು ಮೂರು ಸಾಲುಗಳ ಮೇಲೆ.

“ವಯಸ್ಸಾದರೂ ಎರಡು ದಿನ ಅಡುಗೆಮನೆಯಲ್ಲಿ ದುಡಿದ ಅಜ್ಜಿಗೆ ವಂದನೆಗಳು.”
“ಗಾಯನ ಮಂಡಳಿಯವರು ಈ ವರ್ಷವಾದರೂ ತುಂಬಾ ಚೆನ್ನಾಗಿ ಹಾಡಿದರು.”
“ಜೋರು ಮಳೆ ಇದ್ದರೂ ಚಪ್ಪರ ಹಾಕಿದ ಅಣ್ಣಂದಿರಿಗೆ ಕೃತಜ್ಞತೆಗಳು.”

ಮೂರರಲ್ಲೂ ಅದೇ ‘ರೂ’ ಇದೆ. ಆದರೆ ಮೂರನೆಯದು ಮಾತ್ರ ನಿಜವಾದ ಹೊಗಳಿಕೆ. ಅಲ್ಲಿ ಅಡ್ಡಿ ಎಂದರೆ ಮಳೆ; ಮಳೆ ದೊಡ್ಡದಾದಷ್ಟೂ ಅಣ್ಣಂದಿರ ಕೆಲಸವೂ ದೊಡ್ಡದಾಗಿ ಕಾಣುತ್ತದೆ. ಮೊದಲನೆಯದರಲ್ಲಿ ಅಡ್ಡಿಯನ್ನು ಅಜ್ಜಿಯೊಳಗೇ ಇಟ್ಟಂತಾಯಿತು. ನಿಮ್ಮಿಂದ ಆಗಲಿಕ್ಕಿಲ್ಲ ಎಂದು ನಾವು ಎಣಿಸಿದ್ದೆವು ಎಂಬ ಮಾತು ಅದರ ಹಿಂದೆ ಕೇಳಿಸುತ್ತದೆ. ಎರಡನೆಯದಂತೂ ಕಳೆದ ವರ್ಷದ ಹಾಡನ್ನೇ ನೆನಪಿಸಿ ಚುಚ್ಚುತ್ತದೆ. ‘ಅಂತೂ’, ‘ಕೊನೆಗೂ’, ‘ಪರವಾಗಿಲ್ಲ’ ಕೂಡ ಇದೇ ಜಾತಿಯವು. “ಅಂತೂ ಊಟ ಹೊತ್ತಿಗೆ ಬಂತು” ಎಂದರೆ ಬಡಿಸಿದವರ ಮುಖ ಹೇಗಾದೀತು?

ಅಂಥ ಪದವನ್ನು ತೆಗೆದು ಸಾಲನ್ನು ಮತ್ತೆ ಓದಬೇಕು. “ಗಾಯನ ಮಂಡಳಿಯವರು ಈ ವರ್ಷ ತುಂಬಾ ಚೆನ್ನಾಗಿ ಹಾಡಿದರು” ಎಂದಾಗ ‘ವಾದರೂ’ ಹೋಯಿತು, ಆದರೂ ‘ಈ ವರ್ಷ’ ಉಳಿಯಿತು. ಹೋಲಿಕೆ ಇನ್ನೂ ಪೂರ್ತಿ ಹೋಗಿಲ್ಲ. ಹಾಗಾಗಿ ಅವರು ಮಾಡಿದ್ದನ್ನೇ ಹೆಸರಿಸಿದೆವು: “ಕಾಣಿಕೆಯ ಹೊತ್ತಿಗೆ ನೀವು ಹಾಡಿದ ಹಾಡನ್ನು ಜನ ಮನೆಗೆ ಹೋಗುವಾಗಲೂ ಗುನುಗುತ್ತಿದ್ದರು.” ಇಲ್ಲಿಯ ‘ಊ’ ಯಾರಿಗೂ ನೋಯಿಸುವುದಿಲ್ಲ, ಅದು ಇರಲಿ. ಅಜ್ಜಿಗೆ, “ಎರಡು ದಿನ ಅಡುಗೆಮನೆಯಲ್ಲಿ ನಿಂತು ನಮಗೆಲ್ಲ ಉಣಿಸಿದಿರಿ, ಸಾರು ಎರಡನೇ ಸಲ ಕೇಳಿದವರೇ ಹೆಚ್ಚು” ಎಂದು ಬರೆದೆವು. ವಯಸ್ಸಿನ ಸುದ್ದಿಯೇ ಬೇಡ.

ಕಷ್ಟವಾದದ್ದು ಮೈಕಿನ ಸಾಲು. “ಅದ್ಭುತ ಧ್ವನಿ ವ್ಯವಸ್ಥೆ ಮಾಡಿದ ಅಣ್ಣನಿಗೆ ಧನ್ಯವಾದಗಳು” ಎಂದಿತ್ತು. ಪದಗಳಲ್ಲಿ ಏನೂ ತಪ್ಪಿಲ್ಲ. ಆದರೆ ಪ್ರಸಂಗದ ನಡುವೆ ಮೈಕು ಎರಡು ಸಲ ಕೈಕೊಟ್ಟದ್ದನ್ನು ಎಲ್ಲರೂ ಕಂಡಿದ್ದಾರೆ. ‘ಅದ್ಭುತ’ ಎಂದೊಡನೆ ಅದು ಕುಹಕವಾಗುತ್ತದೆ. ಪಕ್ಕಕ್ಕೆ ಕೈ ಮುಗಿಯುವ ಚಿತ್ರವನ್ನೂ ಹಾಕಿದರೆ ಕೇಳುವುದೇ ಬೇಡ. ಇಂಥದ್ದನ್ನು ಕಾಗದ ನೋಡಿ ಹಿಡಿಯಲಾಗದು, ಹಬ್ಬದಲ್ಲಿ ಇದ್ದವರೇ ಓದಬೇಕು. ಮೈಕಿನ ಸುದ್ದಿ ಬಿಟ್ಟೇಬಿಟ್ಟರೆ ಇನ್ನೂ ಎದ್ದು ಕಾಣುತ್ತದೆ. ಕೊನೆಗೆ ಬರೆದದ್ದು ಇಷ್ಟು: “ವಯರು ಕೈಕೊಟ್ಟಾಗ ಊಟ ಬಿಟ್ಟು ಓಡಿಬಂದು ಸರಿ ಮಾಡಿದಿರಿ, ಅಣ್ಣಾ. ತುಂಬಾ ಉಪಕಾರವಾಯಿತು.”