ಅರಿಶಿಣ ಇಡೋದಾ, ಕೊಡೋದಾ?

ಹೋದ ಸಲ ಇಪ್ಪತ್ತು ಕ್ವಿಂಟಲ್ ಅರಿಶಿಣ ನಾಲ್ಕು ತಿಂಗಳು ಇಟ್ಟಿದ್ದೆ. 14,000 ಇದ್ದ ರೇಟು 400 ಏರ್ತು. ಗೆದ್ದೆ ಅಂದ್ಕೊಂಡೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಕ್ವಿಂಟಲ್‌ಗೆ ಸಾಲದ ಬಡ್ಡಿ ತಿಂಗಳಿಗೆ ಒಂದು ಪರ್ಸೆಂಟಿನಂತೆ 560, ಗೋಡೌನ್ ಬಾಡಿಗೆ 80, ತೂಕ ಇಳಿದದ್ದು ಸುಮಾರು 140. ಒಟ್ಟು 780. ಅಂದ್ರೆ ಕ್ವಿಂಟಲ್‌ಗೆ 380 ಕೈಯಿಂದಲೇ ಹೋಯ್ತು.

ಈಗ ಇಡೋ ಮುಂಚೆ ಎನ್‌ಸಿಡಿಇಎಕ್ಸ್‌ನಲ್ಲಿ ಹತ್ತಿರದ ತಿಂಗಳ ರೇಟು, ದೂರದ ತಿಂಗಳ ರೇಟು ಎರಡೂ ನೋಡ್ತೀನಿ. ಅದು ನಿಜಾಮಾಬಾದ್ ರೇಟು, ನಮ್ಮ ಮಾಲು ಹೋಗೋದು ಈರೋಡಿಗೆ. ಅದಕ್ಕೆ ರೇಟು ಬಿಡಿ, ಎರಡು ತಿಂಗಳ ಅಂತರ ನೋಡಿ.

ದೂರದ್ದು ಜಾಸ್ತಿ ಇದ್ರೆ ಕಾಂಟ್ಯಾಂಗೊ ಅಂತಾರೆ. ನಾಲ್ಕು ತಿಂಗಳಿಗೆ ಅಂತರ ನನ್ನ 780 ದಾಟಿದ್ರೆ ಮಾತ್ರ ಇಟ್ಟಿದ್ದಕ್ಕೆ ಕೂಲಿ ಗಿಟ್ಟುತ್ತೆ. ಅದೂ ಆ ದೂರದ ತಿಂಗಳಿಗೆ ಈಗಲೇ ಮಾರಿಟ್ರೆ. ಸುಮ್ನೆ ಇಟ್ಕೊಂಡ್ರೆ ಆ ರೇಟು ಬಂದೇ ಬರುತ್ತೆ ಅಂತಿಲ್ಲ. ಒಂದು ಲಾಟ್ ಅಂದ್ರೆ 50 ಕ್ವಿಂಟಲ್, ನಮ್ಮಂಥೋರು ಮೂರು ಜನ ಸೇರ್ಬೇಕು.

ದೂರದ್ದು ಕಮ್ಮಿ ಇದ್ರೆ ಬ್ಯಾಕ್‌ವರ್ಡೇಶನ್. ಸಾಮಾನ್ಯವಾಗಿ ದಾಸ್ತಾನು ಕಮ್ಮಿ, ಮಾಲು ಈಗಲೇ ಬೇಕು ಅನ್ನೋ ಗುರುತು ಅದು. ಆಗ ಇಟ್ಟು, ರೇಟು ಹಂಗೇ ಇಳಿದ್ರೆ ಬಡ್ಡಿ ಬಾಡಿಗೆ ಜೊತೆ ಆ ಅಂತರಾನೂ ನಮ್ಮ ತಲೆ ಮೇಲೆ. ಈ ಸಲ ಹಂಗೆ ಕಂಡ್ರೆ ಬಿತ್ತನೆ ಗಡ್ಡೆ ಇಟ್ಕೊಂಡು ಉಳಿದದ್ದು ಕೊಟ್ಟುಬಿಡ್ತೀನಿ.