ಹುಣಸೆಬೀಜ ಸೋರದ ಚೀಲ

ಬೆಂಗಳೂರಿನ ಪೀಣ್ಯ ಕಡೆಯ ಒಂದು ಸಣ್ಣ ಶಾಲೆಯಲ್ಲಿ ನನ್ನ ಅಕ್ಕನ ಮಗಳು ಆರನೇ ಕ್ಲಾಸು ಓದುತ್ತಿದ್ದಾಳೆ. ಅಲ್ಲಿ ವರ್ಷಕ್ಕೊಮ್ಮೆ ಕರಕುಶಲ ದಿನ ಅಂತ ಮಾಡ್ತಾರೆ. ಈ ಸಲ ಪೇಪರ್ ಹೂವು, ಮಣ್ಣಿನ ಹಣತೆ ಜೊತೆಗೆ ಕೈಹೊಲಿಗೆಯೂ ಇರಲಿ ಅಂದುಕೊಂಡ ಟೀಚರ್, ಹದಿನೈದು ನಿಮಿಷ ಮಾತಾಡಿ ಮಕ್ಕಳ ಕೈಯಲ್ಲಿ ಏನಾದರೂ ಮಾಡಿಸಿ ಅಂತ ನನ್ನನ್ನು ಕೇಳಿದರು. ನಾನು ಸಾಫ್ಟ್‌ವೇರ್ ಕೆಲಸದವನು. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಶರ್ಟಿನ ಗುಂಡಿ, ಬ್ಯಾಗಿನ ಪಟ್ಟಿ ಹೊಲಿದುಕೊಳ್ಳುತ್ತಾ ಶುರುವಾದ ಅಭ್ಯಾಸ ಈಗ ಭಾನುವಾರದ ಹವ್ಯಾಸ ಆಗಿದೆ. ಅದು ಅಕ್ಕನ ಮಗಳ ಮೂಲಕ ಟೀಚರಿಗೆ ಗೊತ್ತಾಗಿತ್ತು.

ಮಕ್ಕಳಿಗೆ ಮೊದಲು ಏನು ಹೊಲಿಸಬೇಕು ಅನ್ನೋದೇ ನಿಜವಾದ ಪ್ರಶ್ನೆ. ಸಾಮಾನ್ಯವಾಗಿ ಕರ್ಚೀಫಿನ ಅಂಚು ಮಡಿಸಿ ಹೊಲಿಯೋಕೆ ಕೊಡ್ತಾರೆ. ಅಂಚು ಮಡಿಸೋದು ದೊಡ್ಡವರಿಗೇ ಕಷ್ಟ, ಮೂಲೆಗಳಲ್ಲಿ ಬಟ್ಟೆ ದಪ್ಪವಾಗಿ ಸೂಜಿ ಹೋಗಲ್ಲ. ಅಷ್ಟೆಲ್ಲಾ ಮಾಡಿದ ಮೇಲೂ ಕರ್ಚೀಫು ಮೊದಲಿದ್ದ ಹಾಗೇ ಇರುತ್ತೆ. ಹೊಲಿಗೆ ಚೆನ್ನಾಗಿದೆಯೋ ಇಲ್ಲವೋ ಅಂತ ಮಗುವಿಗೆ ತಾನೇ ತಿಳಿಯೋ ದಾರಿ ಇಲ್ಲ, ಟೀಚರ್ ಹೇಳಬೇಕು. ಹಾಗಾಗಿ ನಾನು ಆರಿಸಿದ್ದು ಅಂಗೈಯಗಲದ, ಎಸೆದು ಹಿಡಿಯುವ ಬೀಜದ ಚೀಲ. ಎರಡು ಚೌಕ ಬಟ್ಟೆ, ನಾಲ್ಕು ನೇರ ಗೆರೆ, ಒಳಗೆ ಹುಣಸೆಬೀಜ. ಎಸೆದಾಗ ಬೀಜ ಹೊರಗೆ ಬಂದರೆ ಹೊಲಿಗೆ ಸಾಲದು, ಬರದಿದ್ದರೆ ಪಾಸು.

ಮಾತು ಶುರು ಮಾಡೋ ಮೊದಲು ನಾನು ಮನೆಯಲ್ಲೇ ಹೊಲಿದು ತಂದಿದ್ದ ಎರಡು ಚೀಲಗಳನ್ನು ಮಕ್ಕಳ ಮಧ್ಯೆ ಎಸೆದೆ. ನೋಡೋಕೆ ಎರಡೂ ಒಂದೇ ಥರ. ನಾಲ್ಕೈದು ಸಲ ಕೈ ಬದಲಾಗುವಷ್ಟರಲ್ಲಿ ಒಂದು ಚೀಲದಿಂದ ಬೀಜ ನೆಲಕ್ಕೆ ಉದುರಿತು. ಮಕ್ಕಳು ಹೋ ಅಂತ ಕೂಗಿದರು. ‘ಇದು ಯಾಕೆ ಸೋರಿತು, ಅದು ಯಾಕೆ ಸೋರಲಿಲ್ಲ?’ ಅಂತ ಕೇಳಿದೆ. ಅಲ್ಲಿಂದ ಮುಂದೆ ನನ್ನ ಭಾಷಣ ಯಾರಿಗೂ ಭಾಷಣ ಅನ್ನಿಸಲಿಲ್ಲ ಅಂತ ಕಾಣುತ್ತೆ.

ಸೋರಿದ ಚೀಲಕ್ಕೆ ಹಾಕಿದ್ದು ರನ್ನಿಂಗ್ ಸ್ಟಿಚ್. ಸೂಜಿ ಮೇಲೆ, ಕೆಳಗೆ, ಮೇಲೆ, ಕೆಳಗೆ ಅಂತ ಮುಂದಕ್ಕೆ ಹೋಗುವ ಹೊಲಿಗೆ. ಅದನ್ನೂ ಬೇಕಂತಲೇ ಒಂದೊಂದು ಸೆಂಟಿಮೀಟರ್ ಉದ್ದಕ್ಕೆ ಹಾಕಿದ್ದೆ. ಸೋರದ ಚೀಲಕ್ಕೆ ಬ್ಯಾಕ್ ಸ್ಟಿಚ್. ಇದರಲ್ಲಿ ಸೂಜಿ ಮೇಲೆ ಬಂದ ಮೇಲೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಚುಚ್ಚುತ್ತೆ, ಬಟ್ಟೆಯ ಅಡಿಯಲ್ಲಿ ಎರಡು ಹೆಜ್ಜೆ ಮುಂದೆ ಹೋಗಿ ಮೇಲೆ ಬರುತ್ತೆ, ಮತ್ತೆ ಒಂದು ಹೆಜ್ಜೆ ಹಿಂದೆ. ಮೇಲಿನಿಂದ ನೋಡಿದರೆ ಸಂದಿಲ್ಲದ ಗೆರೆ. ನಾನು ಎರಡೂ ಚೀಲದಲ್ಲಿ ಒಂದೊಂದು ಹೊಲಿಗೆಯನ್ನು ಕತ್ತರಿಸಿ ಮಕ್ಕಳ ಕೈಗೆ ಕೊಟ್ಟು ದಾರ ಎಳೆಯಿರಿ ಅಂದೆ. ರನ್ನಿಂಗ್ ಸ್ಟಿಚ್ಚಿನ ದಾರ ಸರಾಗವಾಗಿ ಈಚೆ ಬಂತು. ಬ್ಯಾಕ್ ಸ್ಟಿಚ್ಚಿನದು ಎಳೆದಷ್ಟೂ ಬಿಗಿಯಾಗಿ ಅಲ್ಲೇ ನಿಂತಿತು, ಯಾಕಂದ್ರೆ ಅಲ್ಲಿ ದಾರ ಪ್ರತಿ ಹೆಜ್ಜೆಗೂ ಹಿಂದಕ್ಕೆ ಸುತ್ತಿ ಬಟ್ಟೆಯನ್ನು ಹಿಡಿದಿರುತ್ತೆ.

ಹಾಗಂತ ರನ್ನಿಂಗ್ ಸ್ಟಿಚ್ ಕೆಟ್ಟದ್ದಲ್ಲ ಅಂತಲೂ ಹೇಳಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಮಾಡುವ ಕೌದಿ ಪೂರ್ತಿ ಈ ಹೊಲಿಗೆಯಲ್ಲೇ ಇರುತ್ತೆ. ಅಲ್ಲಿ ಪಕ್ಕಪಕ್ಕದಲ್ಲಿ ನೂರಾರು ಸಾಲು ಹೊಲಿಗೆ, ಭಾರವೆಲ್ಲ ಹಂಚಿಹೋಗುತ್ತೆ. ನಮ್ಮ ಚೀಲದಲ್ಲಿ ಇರೋದು ಒಂದೇ ಸಾಲು, ಎಸೆದಾಗ ಬೀಜದ ಪೆಟ್ಟೆಲ್ಲ ಅದರ ಮೇಲೇ.

ಆಮೇಲೆ ಎಲ್ಲರೂ ಹೊಲಿಯೋಕೆ ಕೂತರು. ಮನೆಯಲ್ಲಿ ಮಾಡಿಸುವವರಿಗೆ ಬೇಕಾಗಬಹುದು ಅಂತ ವಿವರವಾಗಿ ಬರೀತೀನಿ. ತಾಂಬೂಲದಲ್ಲಿ ಬಂದ ಕಾಟನ್ ಬ್ಲೌಸ್ ಪೀಸ್ ಅಥವಾ ಹಳೇ ಕಾಟನ್ ಶರ್ಟು ಸಾಕು. ರೇಷ್ಮೆ, ಪಾಲಿಯೆಸ್ಟರ್ ಜಾರುತ್ತೆ, ಬೇಡ. 12 ಸೆಂ.ಮೀ. ಚೌಕದ ಎರಡು ತುಂಡು ಕತ್ತರಿಸಿ, ಚೆಂದದ ಮೈ ಒಳಗೆ ಬರುವಂತೆ ಒಂದರ ಮೇಲೊಂದು ಇಟ್ಟು ಪಿನ್ ಹಾಕಿ. ಅಂಚಿನಿಂದ 1 ಸೆಂ.ಮೀ. ಒಳಗೆ ಸುತ್ತಲೂ ಪೆನ್ಸಿಲ್ ಗೆರೆ ಎಳೆಯಿರಿ. ಹೊಲಿಗೆ ಬರಬೇಕಾದ್ದು ಆ ಗೆರೆಯ ಮೇಲೆ. ಒಂದು ಬದಿಯ ನಡುವೆ 4 ಸೆಂ.ಮೀ. ಜಾಗಕ್ಕೆ ಎರಡು ಗುರುತು ಹಾಕಿ ಬಿಟ್ಟುಬಿಡಿ, ಬೀಜ ತುಂಬೋ ಬಾಯಿ ಅದು. ಬಾಯಿ ಮೂಲೆಯಲ್ಲಿ ಇರಬಾರದು, ಕೊನೆಗೆ ಮುಚ್ಚೋದು ಕಷ್ಟವಾಗುತ್ತೆ.

ಮಕ್ಕಳು ಹೊಲಿಗೆ ಬಿಟ್ಟು ಎದ್ದುಹೋಗೋದು ಬಹಳ ಸಲ ದಾರದ ಕಾರಣಕ್ಕೆ. ಪದೇ ಪದೇ ಪೋಣಿಸೋದು ತಪ್ಪಲಿ ಅಂತ ಮಾರುದ್ದ ದಾರ ತಗೋತಾರೆ. ಅದು ಪ್ರತಿ ಸಲ ಬಟ್ಟೆಯಲ್ಲಿ ಎಳೆದಾಗ ತಿರುಚಿಕೊಂಡು ಗಂಟಾಗುತ್ತೆ. ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ಬ್ಯಾಕ್ ಸ್ಟಿಚ್ಚಿನ ಒಂದು ಹೆಜ್ಜೆಗೆ ಮೇಲೆ ಒಂದು ಪಾಲು, ಅಡಿಯಲ್ಲಿ ಎರಡು ಪಾಲು, ಒಟ್ಟು ಮೂರು ಪಾಲು ದಾರ ಬೇಕು. ಅಂದರೆ 10 ಸೆಂ.ಮೀ. ಬದಿಗೆ 30 ಸೆಂ.ಮೀ., ಗಂಟಿಗೂ ಕೊನೆಗೂ ಸೇರಿಸಿ ಸುಮಾರು 45. ದಾರವನ್ನು ಎರಡೆಳೆ ಮಾಡಿಕೊಳ್ಳೋದರಿಂದ 90 ಸೆಂ.ಮೀ. ಕತ್ತರಿಸಿ, ಸೂಜಿಗೆ ಪೋಣಿಸಿ, ಎರಡೂ ತುದಿ ಸೇರಿಸಿ ಗಂಟು ಹಾಕಬೇಕು. ಎರಡೆಳೆ ಆದರೆ ಸೂಜಿ ಕಳಚಿಕೊಂಡು ಬರಲ್ಲ. ‘ಒಂದು ಬದಿಗೆ ಒಂದು ದಾರ’ ಅಂತ ಬೋರ್ಡಿನ ಮೇಲೆ ಬರೆದೆ. ಪೋಣಿಸುವಾಗ ತುದಿಯನ್ನು ಓರೆಯಾಗಿ ಕತ್ತರಿಸಿ, ದಾರವನ್ನು ಎರಡು ಬೆರಳಿನಲ್ಲಿ ತುದಿ ಅಷ್ಟೇ ಕಾಣುವಂತೆ ಹಿಡಿದು, ಸೂಜಿಯ ಕಣ್ಣನ್ನೇ ಅದರ ಹತ್ತಿರ ತರಬೇಕು. ಉದ್ದಕ್ಕೆ ಬಿಟ್ಟ ದಾರದ ತುದಿ ಬಾಗಿಬಿಡುತ್ತೆ.

ಹೊಲಿಗೆಯ ಉದ್ದ 4 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಅಕ್ಕಿಕಾಳು. ಹುಣಸೆಬೀಜ ಅದರ ಎರಡರಷ್ಟಕ್ಕಿಂತ ದೊಡ್ಡದು, ನುಸುಳಲ್ಲ. ರಾಗಿ ತುಂಬೋಣ ಅಂತ ಒಬ್ಬಳು ಕೇಳಿದಳು. ರಾಗಿಗೆ ಈ ಹೊಲಿಗೆ ಸಾಲದು. ಬಲಗೈಯವರು ಬಲತುದಿಯಿಂದ ಎಡಕ್ಕೆ, ಎಡಗೈಯವರು ಎಡತುದಿಯಿಂದ ಬಲಕ್ಕೆ ಹೊಲಿಯಬೇಕು. ಎಡಗೈ ಮಕ್ಕಳು ಇಬ್ಬರಿದ್ದರು, ದಿಕ್ಕು ಬದಲಿಸಿದ ಕೂಡಲೇ ಅವರ ಕೈ ಸಲೀಸಾಯಿತು. ಬಟ್ಟೆ ಸುಕ್ಕುಗಟ್ಟಿದರೆ ದಾರವನ್ನು ಜಾಸ್ತಿ ಎಳೆದಿದ್ದಾರೆ ಅಂತ ಅರ್ಥ. ಸಡಿಲವಾಗಿದೆಯಾ ಅಂತ ನೋಡೋಕೆ ಎರಡು ಪದರವನ್ನು ಆಚೀಚೆ ಎಳೆದು ಕಿಟಕಿ ಬೆಳಕಿಗೆ ಹಿಡಿಯಬೇಕು. ಹೊಲಿಗೆಯ ಸಾಲಿನಲ್ಲಿ ಬೆಳಕಿನ ದೊಡ್ಡ ಕಿಂಡಿ ಕಂಡಲ್ಲಿ ಇನ್ನೊಂದು ಹೊಲಿಗೆ ಹಾಕಬೇಕು.

ಎಲ್ಲರೂ ತಲೆ ಬಗ್ಗಿಸಿ ಕೂತಿದ್ದಾಗ ಕೊನೇ ಬೆಂಚಿನ ಒಬ್ಬ ಹುಡುಗ ಮಾತ್ರ ಸೂಜಿ ಮುಟ್ಟಿರಲಿಲ್ಲ. ಹತ್ತಿರ ಹೋದೆ.

‘ಯಾಕಪ್ಪಾ, ದಾರ ಪೋಣಿಸೋಕೆ ಆಗ್ಲಿಲ್ವಾ?’

‘ನಮ್ಮಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾರೆ ಸಾರ್. ಅಲ್ಲಿ ಮಿಷನ್ನಲ್ಲಿ ಇದನ್ನ ಒಂದು ನಿಮಿಷದಲ್ಲಿ ಹೊಲೀತಾರೆ. ಕೈಯಲ್ಲಿ ಯಾಕೆ ಹೊಲೀಬೇಕು?’

ಪ್ರಶ್ನೆ ಸರಿಯಾಗೇ ಇತ್ತು. ‘ಹೌದು, ಈ ನಾಲ್ಕು ಗೆರೆ ಮಿಷನ್ ನಮಗಿಂತ ಚೆನ್ನಾಗಿ ಹೊಲಿಯುತ್ತೆ. ಆದರೆ ಬೀಜ ತುಂಬಿದ ಮೇಲೆ ಬಾಯಿ ಮುಚ್ಚಬೇಕಲ್ಲ, ಅದನ್ನ ಹೊಲಿಗೆ ಕಾಣದ ಹಾಗೆ ಮಿಷನ್ನಲ್ಲಿ ಮಾಡೋದು ಹೇಗೆ ಅಂತ ಮನೆಗೆ ಹೋಗಿ ಅಮ್ಮನ್ನ ಕೇಳು’ ಅಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಅಮ್ಮಂಗೆ ಗೊತ್ತಿರಲ್ಲ ಸಾರ್, ಅವ್ರದ್ದು ಕಾಲರ್ ಮಾತ್ರ’ ಅಂದ.

ಗಾರ್ಮೆಂಟ್ಸ್ ಲೈನಿನಲ್ಲಿ ಕೆಲಸ ಹಾಗೇ ಹಂಚಿರುತ್ತೆ. ಒಬ್ಬರು ಕಾಲರ್, ಒಬ್ಬರು ಕಫ್, ಇನ್ನೊಬ್ಬರು ಜೇಬು. ದಿನಕ್ಕೆ ನೂರಾರು ಕಾಲರ್ ಹೊಲಿದರೂ ಇಡೀ ಶರ್ಟು ಒಬ್ಬರ ಕೈಯಲ್ಲೇ ತಯಾರಾಗಲ್ಲ. ‘ಕಾಲರಿನ ಮೂಲೆ ಚೂಪಾಗಿ ಬರೋದು ಶರ್ಟಿನಲ್ಲೇ ಕಷ್ಟದ ಕೆಲಸ ಕಣೋ. ನಮ್ಮ ಚೀಲಕ್ಕೂ ನಾಲ್ಕು ಮೂಲೆ ಇದೆ. ಅದನ್ನ ಹೇಗೆ ತಿರುಗಿಸಬೇಕು ಅಂತ ನಿಮ್ಮಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ’ ಅಂದೆ. ಅವನು ಏನೂ ಹೇಳದೆ ಸೂಜಿ ತಗೊಂಡ.

ಮೂಲೆಯ ಕೆಲಸ ಇಷ್ಟು. ಹೊಲಿದಾದ ಮೇಲೆ ನಾಲ್ಕೂ ಮೂಲೆಯ ಹೆಚ್ಚುವರಿ ಬಟ್ಟೆಯನ್ನು ಓರೆಯಾಗಿ ಕತ್ತರಿಸಬೇಕು, ಹೊಲಿಗೆಗೆ 3 ಮಿ.ಮೀ. ದೂರ ಬಿಟ್ಟು. ಕತ್ತರಿಸದಿದ್ದರೆ ಒಳಗೆ ಬಟ್ಟೆ ಮುದ್ದೆಯಾಗಿ ಮೂಲೆ ಉರುಟಾಗುತ್ತೆ, ತೀರಾ ಹತ್ತಿರ ಕತ್ತರಿಸಿದರೆ ಎಳೆ ಬಿಚ್ಚಿಕೊಂಡು ತೂತಾಗುತ್ತೆ. ಆಮೇಲೆ ಬಾಯಿಯ ಮೂಲಕ ಒಳಗಿನ ಮೈ ಹೊರಗೆ ತಿರುಗಿಸಿ, ಮೊಂಡಾದ ಪೆನ್ಸಿಲಿನ ಹಿಂಬದಿಯಿಂದ ಮೂಲೆಗಳನ್ನು ಮೆಲ್ಲಗೆ ಒತ್ತಬೇಕು. ಪೇಪರಿನ ಪೊಟ್ಟಣದಿಂದ ಒಂದು ಸಣ್ಣ ಕಾಫಿ ಲೋಟದಷ್ಟು ಬೀಜ ಸುರಿದರೆ ಮುಕ್ಕಾಲು ತುಂಬುತ್ತೆ. ಪೂರ್ತಿ ಬಿಗಿಯಾಗಿ ತುಂಬಬಾರದು. ಸ್ವಲ್ಪ ಜೋಲು ಇದ್ದರೆ ಕೈಗೆ ಸಿಕ್ಕುತ್ತೆ, ಹೊಲಿಗೆಯ ಮೇಲೂ ಭಾರ ಕಮ್ಮಿ.

ಕೊನೆಗೆ ಬಾಯಿ. ಎರಡೂ ಅಂಚನ್ನು ಒಳಕ್ಕೆ ಮಡಿಸಿ ಹಿಡಿದು, ಈಚೆ ಮಡಿಕೆಯ ಒಳಗೆ ಒಂದು ಸಣ್ಣ ಹೆಜ್ಜೆ, ಅದರ ಎದುರಿಗೇ ಆಚೆ ಮಡಿಕೆಯ ಒಳಗೆ ಒಂದು ಹೆಜ್ಜೆ. ಹೀಗೆ ನಾಲ್ಕೈದು ಸಲ ಮಾಡುವ ತನಕ ಎರಡು ಅಂಚಿನ ನಡುವೆ ದಾರ ಏಣಿಯ ಮೆಟ್ಟಿಲಿನಂತೆ ಕಾಣುತ್ತೆ. ಮೆಲ್ಲಗೆ ಎಳೆದರೆ ಮೆಟ್ಟಿಲೆಲ್ಲ ಒಳಗೆ ಹೋಗಿ ಬಾಯಿ ಮುಚ್ಚಿಕೊಳ್ಳುತ್ತೆ. ಎಳೆದ ಕ್ಷಣಕ್ಕೆ ದಾರ ಕಾಣೆಯಾದಾಗ ಕ್ಲಾಸಿನಲ್ಲಿ ಎದ್ದ ಸದ್ದು ಬೀಜ ಚೆಲ್ಲಿದಾಗಿನ ಸದ್ದಿಗಿಂತ ಜೋರಾಗಿತ್ತು.

ಎರಡು ಪೀರಿಯಡ್ಡಿನಲ್ಲಿ ಇಪ್ಪತ್ತಾರು ಮಕ್ಕಳಲ್ಲಿ ಹದಿನೇಳು ಜನ ಮುಗಿಸಿದರು. ಉಳಿದವರು ಮನೆಗೆ ಒಯ್ದರು. ಕೊನೇ ಬೆಂಚಿನ ಹುಡುಗನ ಚೀಲವೂ ಬಾಯಿ ತೆರೆದೇ ಇತ್ತು, ಮೂರು ಮೂಲೆ ಮೊಂಡು, ಒಂದು ಚೂಪು.

ಮರುವಾರ ಅಕ್ಕನ ಮಗಳು ಬಂದು ಹೇಳಿದಳು, ‘ಮಾಮ, ಅವನ ಚೀಲ ನಾಲ್ಕೂ ಮೂಲೆ ಚೂಪಾಗಿದೆ. ಅವರಮ್ಮ ಎಲ್ಲಾ ಬಿಚ್ಚಿಸಿ ಮತ್ತೆ ಹೊಲಿಸಿದ್ರಂತೆ. ಬಾಯಿ ಮುಚ್ಚೋದು ಹೇಗೆ ಅಂತ ಅವನು ಅವರಿಗೆ ಹೇಳಿಕೊಟ್ಟನಂತೆ.’

ಬೀಜದ ಚೀಲ ಮಾಡಿದ ಮಗುವಿಗೆ ಮುಂದೆ ಏನು ಅಂತ ಕೇಳಿದರೆ, ಇದೇ ಚೀಲವನ್ನು ಸ್ವಲ್ಪ ದೊಡ್ಡದು ಮಾಡಿ, ಮೇಲಿನ ಬದಿ ಪೂರ್ತಿ ಬಿಟ್ಟು, ಅಂಚನ್ನು ಎರಡು ಸಲ ಮಡಿಸಿ ಹೊಲಿದು ಒಳಗೆ ಲಾಡಿ ಪೋಣಿಸಿದರೆ ಪೆನ್ಸಿಲ್ ಚೀಲ ಆಗುತ್ತೆ. ಆ ಅಂಚು ಮಡಿಸೋದೇ ಕರ್ಚೀಫಿನಲ್ಲಿ ಕಷ್ಟ ಅಂದೆನಲ್ಲ, ಅದು. ಅಷ್ಟು ಹೊತ್ತಿಗೆ ಸೂಜಿ ಕೈಗೆ ಒಗ್ಗಿರುತ್ತೆ.