ಅಮ್ಮನ ಸಂಘದ ಆ 54 ದಿನ

ಕಳೆದ ಸಲ ಊರಿಗೆ ಹೋದಾಗ ಅಮ್ಮ ಬ್ಯಾಗ್ ಇಳಿಸೋಕೂ ಬಿಡಲಿಲ್ಲ. "ಬ್ಯಾಂಕಿನೋರು ಸಾಲ ಕೊಡಲ್ಲ ಅಂತಾರೆ ಕಣೇ, ನಾವು ಒಂದು ಕಂತೂ ತಪ್ಪಿಸಿಲ್ಲ. ಒಂದು ಅರ್ಜಿ ಬರ್ಕೊಡು" ಅಂದರು. ತಿಪಟೂರು ಕಡೆಯ ನಮ್ಮೂರಲ್ಲಿ ಅವರದ್ದು 14 ಜನರ ಸ್ವಸಹಾಯ ಸಂಘ. ಪ್ರತಿ ವಾರ ತಲಾ 50 ರೂಪಾಯಿ ಉಳಿತಾಯ. ಆರು ವರ್ಷದಲ್ಲಿ ಅದೇ 2 ಲಕ್ಷ ದಾಟಿದೆ.

ಮೊದಲ ಸಾಲ ಒಂದೂವರೆ ಲಕ್ಷ, ಎರಡನೇದು 3 ಲಕ್ಷ, ಎರಡೂ ತೀರಿವೆ. ಈಗ ಕೇಳಿರೋದು 6 ಲಕ್ಷ. ಈ ಮೊತ್ತ ಅವರು ಸುಮ್ಮನೆ ಹೇಳಿದ್ದಲ್ಲ. ಗ್ರಾಮೀಣ ಜೀವನೋಪಾಯ ಅಭಿಯಾನದಡಿಯ ಸಂಘಗಳಿಗೆ ಸಾಲ ಹಂತ ಹಂತವಾಗಿ ಏರುತ್ತಾ ಹೋಗುತ್ತದೆ, ಹಿಂದಿನದು ಸರಿಯಾಗಿ ತೀರಿದ್ದರೆ ಮಾತ್ರ. 10 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಚಿನ್ನ, ಪಹಣಿ ಏನೂ ಇಡದವರಿಗೆ ಮರುಪಾವತಿಯ ದಾಖಲೆಯೇ ಆಸ್ತಿ. ಅಲ್ಲೇ ಕಲೆ ಬಿದ್ದಿತ್ತು.

ಮಾರನೇ ದಿನ ಅಮ್ಮ, ಸಂಘದ ಅಧ್ಯಕ್ಷೆಯಾದ ನಮ್ಮ ಅತ್ತೆ, ನಾನು ಮೂವರೂ ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಮರ್ಯಾದೆಯಿಂದಲೇ ಮಾತಾಡಿದರು. ಸ್ಕ್ರೀನ್ ತಿರುಗಿಸಿ, "ನೋಡಿ ಅಮ್ಮ, ಹೋದ ವರ್ಷ ಎರಡು ಕಂತು ಬಾಕಿ ಬಿದ್ದಿವೆ. ಆಗಸ್ಟ್ 5ರ ಕಂತು ಜಮಾ ಆಗಿದ್ದು ಸೆಪ್ಟೆಂಬರ್ 28ಕ್ಕೆ" ಅಂದರು. ಲೆಕ್ಕ ಹಾಕಿದೆ, 54 ದಿನ. 90 ದಿನ ದಾಟಿದ್ದರೆ ಖಾತೆ ಎನ್‌ಪಿಎ ಆಗಿರುತ್ತಿತ್ತು. ಅತ್ತೆ ಮುಖ ಸಣ್ಣದಾಯ್ತು. ಅಮ್ಮ ಮಾತ್ರ "ಸಾಧ್ಯನೇ ಇಲ್ಲ" ಅಂತ ಕೂತರು. ನಿಜ ಹೇಳ್ತೀನಿ, ನನಗೂ ಅಮ್ಮನ ಮೇಲೇ ಅನುಮಾನ. ಕಂಪ್ಯೂಟರ್ ಸುಳ್ಳು ಹೇಳುತ್ತಾ?

ಸಾಲದ ಖಾತೆಯ ಸ್ಟೇಟ್‌ಮೆಂಟ್ ಕೇಳಿ ತಗೊಂಡು ಮನೆಗೆ ಬಂದೆವು. ನಡುಮನೆಯಲ್ಲಿ ನಡಾವಳಿ ಪುಸ್ತಕ, ಉಳಿತಾಯ ಖಾತೆಯ ಪಾಸ್‌ಬುಕ್, ಸ್ಟೇಟ್‌ಮೆಂಟ್ ಮೂರನ್ನೂ ಹರಡಿದೆವು. ನಡಾವಳಿಯಲ್ಲಿ ಆಗಸ್ಟ್ 3ರ ಸಭೆ ಇದೆ. ಎಲ್ಲರಿಂದ ವಸೂಲಾದ 11,205 ರೂಪಾಯಿ ಕಂತು ಕಟ್ಟಲು ಕಳಿಸಿದ್ದು ಬರೆದಿದೆ, ಕೆಳಗೆ 14 ಸಹಿ. ಪಾಸ್‌ಬುಕ್ಕಲ್ಲಿ ಆಗಸ್ಟ್ 4ಕ್ಕೆ ಅದೇ 11,205 ಜಮಾ. ಸೆಪ್ಟೆಂಬರ್ 4ಕ್ಕೆ ಮತ್ತೊಂದು. ಸಾಲದ ಖಾತೆಯಲ್ಲಿ ಮಾತ್ರ ಎರಡೂ ಇಲ್ಲ!

ಆಗ ಗೊತ್ತಾಯ್ತು. ಆ ಎರಡು ತಿಂಗಳು ಯಾರಿಗೂ ಪೇಟೆಗೆ ಹೋಗಲು ಆಗದೆ ಊರಿಗೇ ಮಷೀನ್ ತರುವ ಬ್ಯಾಂಕ್ ಮಿತ್ರನ ಕೈಗೆ ದುಡ್ಡು ಕೊಟ್ಟಿದ್ದರು. ಅವನು ಸಂಘದ ಉಳಿತಾಯ ಖಾತೆಗೆ ಹಾಕಿದ್ದ. ಅಲ್ಲಿಂದ ಸಾಲದ ಖಾತೆಗೆ ತಾನಾಗಿ ಹೋಗುವಂತೆ ಯಾರೂ ಸೂಚನೆ ಕೊಟ್ಟಿರಲಿಲ್ಲ. ದುಡ್ಡು ಅದೇ ಬ್ಯಾಂಕಲ್ಲಿ, ಅದೇ ಸಂಘದ ಹೆಸರಲ್ಲಿ ಬಿದ್ದಿತ್ತು. ಪಕ್ಕದ ಖಾತೆ ಬಾಕಿ ತೋರಿಸುತ್ತಿತ್ತು. ಸೆಪ್ಟೆಂಬರ್ 28ಕ್ಕೆ ಯಾರೋ ಗಮನಿಸಿ ವರ್ಗಾಯಿಸಿದ್ದಾರೆ. ಎರಡೂ ರಸೀದಿ ಅಮ್ಮನ ಹತ್ತಿರ ಇದ್ದವು. ಖಾತೆ ಸಂಖ್ಯೆಯ ಕೊನೇ ನಾಲ್ಕು ಅಂಕಿ ಯಾರೂ ನೋಡಿರಲಿಲ್ಲ, ಅಷ್ಟೇ.

ನಾನು ಅರ್ಜಿಯಲ್ಲಿ "ನಮ್ಮ ಸಂಘ ಸದಾ ಪ್ರಾಮಾಣಿಕವಾಗಿ" ಅಂತ ಶುರು ಮಾಡಿದ್ದೆ. ಅತ್ತೆ ಹೊಡೆದುಹಾಕಿಸಿದರು. "ಅದೆಲ್ಲ ಎಲ್ಲರೂ ಬರೀತಾರೆ. ತಾರೀಖು ಬರಿ" ಅಂದರು. ಕಂತಿನ ದಿನ, ಉಳಿತಾಯ ಖಾತೆಗೆ ಬಿದ್ದ ದಿನ, ಸಾಲಕ್ಕೆ ಹೋದ ದಿನ ಅಂತ ಮೂರು ಕಾಲಂ ಮಾಡಿದೆವು. 30 ಕಂತುಗಳಲ್ಲಿ 28ಕ್ಕೆ ವಿವರಣೆಯೇ ಬೇಕಿರಲಿಲ್ಲ. ಜೊತೆಗೆ ಹೊಸ ಸಾಲಕ್ಕೆ ಸಂಘ ಮಾಡಿದ ಠರಾವು, ಮತ್ತು ಯಾರಿಗೆ ಎಷ್ಟು, ಯಾತಕ್ಕೆ ಅನ್ನೋ ಪಟ್ಟಿ. ಐದು ಜನಕ್ಕೆ ಹಸು, ಇಬ್ಬರಿಗೆ ಕೊಬ್ಬರಿ ವ್ಯಾಪಾರ, ಒಬ್ಬರಿಗೆ ಹೊಲಿಗೆ ಮಷೀನ್.

ಪಟ್ಟಿಯಲ್ಲಿ ಒಬ್ಬ ಚಿಕ್ಕಮ್ಮನ ಹೆಸರು ಬಿಡೋಣ್ವಾ ಅಂತ ಗುಸುಗುಸು ನಡೀತು. ಅವರ ಗಂಡನ ಟ್ರ್ಯಾಕ್ಟರ್ ಸಾಲ ಅದೇ ಬ್ಯಾಂಕಲ್ಲಿ ಬಾಕಿ. ಅಮ್ಮ ಒಪ್ಪಲಿಲ್ಲ. ಆಮೇಲೆ ಮೊಬೈಲಲ್ಲಿ ಆರ್‌ಬಿಐ ಸುತ್ತೋಲೆ ಹುಡುಕಿ ನೋಡಿದರೆ, ಸಂಘ ಸುಸ್ತಿ ಆಗಿರದಿದ್ದರೆ ಸದಸ್ಯರ ಅಥವಾ ಮನೆಯವರ ಬಾಕಿ ಸಾಮಾನ್ಯವಾಗಿ ಸಂಘದ ಸಾಲಕ್ಕೆ ಅಡ್ಡಿಯಾಗಬಾರದು ಅಂತಲೇ ಇದೆ. ಆ ಪುಟ ಪ್ರಿಂಟ್ ಹಾಕಿ ಇಟ್ಟುಕೊಂಡೆವು, ತೋರಿಸುವ ಪ್ರಸಂಗ ಬರಲಿಲ್ಲ.

ಮ್ಯಾನೇಜರ್ ಮೂರು ಕಾಲಂ ಮೇಲೆ ಬೆರಳಿಟ್ಟು ಪಾಸ್‌ಬುಕ್ ಜೊತೆ ತಾಳೆ ನೋಡಿದರು. ಫೀಲ್ಡ್ ಆಫೀಸರ್ ಒಂದು ಸಭೆಗೆ ಬಂದು, ಪುಸ್ತಕ ನೋಡಿ, ಚಿಕ್ಕಮ್ಮನನ್ನೂ ಮಾತಾಡಿಸಿ ಹೋದರು. ಐದು ವಾರಕ್ಕೆ 6 ಲಕ್ಷ ಮಂಜೂರಾಯ್ತು. ಆ 54 ದಿನ ಮಾತ್ರ ದಾಖಲೆಯಲ್ಲಿ ಹಾಗೇ ಇದೆ, ತೆಗೆಯೋಕೆ ಬರಲ್ವಂತೆ.

ಈಗ ಉಳಿತಾಯ ಖಾತೆಯಿಂದ ಕಂತು ತಾನಾಗಿ ಕಡಿತವಾಗುತ್ತದೆ. ಆದರೂ ಪ್ರತಿ 5ನೇ ತಾರೀಖು ರಾತ್ರಿ ಅಮ್ಮನ ಫೋನ್ ಬರುತ್ತೆ. ಮೆಸೇಜ್ ಫಾರ್ವರ್ಡ್ ಮಾಡಿರ್ತಾರೆ. "ಕೊನೇ ನಾಲ್ಕು ನಂಬರ್ ಓದೇ" ಅಂತಾರೆ. ಓದ್ತೀನಿ.